ಒಂದು ಕೂಡುವುದಕ್ಕೆ ಎಷ್ಟು ಕೆಲಸ?

0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಲೆಕ್ಕ ಇಡುವ ಬಿಟ್‌ಗಳ ಸಾಲಿಗೆ ದ್ವಿಮಾನ ಕೌಂಟರ್ ಎನ್ನುತ್ತಾರೆ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಈಗಿರುವ ಸಂಖ್ಯೆಗೆ ಒಂದು ಕೂಡುವುದು. ಬಲತುದಿಯ ಬಿಟ್ 0 ಆಗಿದ್ದರೆ ಅದನ್ನು 1 ಮಾಡಿದರೆ ಮುಗಿಯಿತು. 1 ಆಗಿದ್ದರೆ ಅದನ್ನು 0 ಮಾಡಿ ಎಡಗಡೆಯ ಬಿಟ್‌ಗೆ ಹೋಗಬೇಕು. ಅದೂ 1 ಆಗಿದ್ದರೆ ಮತ್ತೆ ಅದೇ ಕತೆ. ಸ್ಕೂಟರಿನ ಹಳೇ ಕಿಲೋಮೀಟರ್ ಮೀಟರಿನಲ್ಲಿ 9ಕ್ಕೆ ಬಂದ ಚಕ್ರಗಳು ಸೊನ್ನೆಗೆ ಮರಳಿ ಪಕ್ಕದ ಚಕ್ರವನ್ನು ತಳ್ಳುವ ಹಾಗೆಯೇ ಇದು. k ಬಿಟ್‌ಗಳ ಕೌಂಟರಿಗೆ ಇದನ್ನು ಹೀಗೆ ಬರೆಯಬಹುದು. A[0] ಬಲತುದಿಯ ಬಿಟ್.

```
i = 0
while i < k and A[i] == 1:
    A[i] = 0
    i = i + 1
if i < k:
    A[i] = 1
```

ಒಂದು ಸಲ ಕೂಡುವಾಗ ಎಷ್ಟು ಬಿಟ್‌ಗಳು ಬದಲಾಗುತ್ತವೋ ಅಷ್ಟನ್ನು ಆ ಸಲದ ವೆಚ್ಚ ಎಂದು ಹಿಡಿಯೋಣ. 0110 ಇದ್ದದ್ದು 0111 ಆದರೆ ವೆಚ್ಚ 1. ಅದರ ಮರುಕ್ಷಣವೇ 0111 ಇದ್ದದ್ದು 1000 ಆಗುವಾಗ ವೆಚ್ಚ 4. ಬಿಟ್‌ಗಳು ಹೆಚ್ಚಿದಷ್ಟೂ ಅತಿ ಕೆಟ್ಟ ಸಂದರ್ಭದ ವೆಚ್ಚವೂ ಹೆಚ್ಚುತ್ತದೆ: 64 ಬಿಟ್‌ಗಳ ಕೌಂಟರಿನಲ್ಲಿ ಒಂದೇ ಸಲಕ್ಕೆ 64 ಬಿಟ್‌ಗಳೂ ಬದಲಾಗಬಹುದು. ಪ್ರತಿ ಸಲವೂ ಅತಿ ಕೆಟ್ಟದ್ದೇ ಆದೀತೆಂದು ಎಣಿಸಿದರೆ, 10 ಬಿಟ್‌ಗಳ ಕೌಂಟರನ್ನು ಸಾವಿರ ಸಲ ಹೆಚ್ಚಿಸಲು 10,000 ಬದಲಾವಣೆಗಳಾಗಬೇಕು. ಇದು ತಪ್ಪು ಲೆಕ್ಕವಲ್ಲ, ಅದಕ್ಕಿಂತ ಹೆಚ್ಚಾಗದು ಎಂಬುದು ನಿಜವೇ. ಆದರೆ ವಾಸ್ತವಕ್ಕೂ ಅದಕ್ಕೂ ಬಹಳ ದೂರ. ದುಬಾರಿ ಸಲವೊಂದು ಬಂದು ಹೋದ ಮೇಲೆ ಸಾಲಿನ ಬಲಭಾಗವೆಲ್ಲ ಸೊನ್ನೆಗಳಾಗಿರುತ್ತದೆ. ಅಂಥ ಇನ್ನೊಂದು ಸಲ ಕೂಡಲೇ ಬರಲು ಸಾಧ್ಯವೇ ಇಲ್ಲ.

ಈ ಗ್ರಹಿಕೆಯನ್ನು ಕರಾರುವಾಕ್ಕಾದ ಸಾಧನೆಯಾಗಿ ಮಾಡುವ ದಾರಿಗಳಲ್ಲಿ ಪೊಟೆನ್ಷಿಯಲ್ ವಿಧಾನ ಒಂದು. ರಾಬರ್ಟ್ ಟಾರ್ಜನ್ 1985ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದು ಕಂಪ್ಯೂಟರ್ ವಿಜ್ಞಾನದಲ್ಲಿ ನೆಲೆಯೂರಿತು. ಹೆಸರು ಭೌತಶಾಸ್ತ್ರದಿಂದ ಬಂದದ್ದು. ಕೌಂಟರಿನ ಪ್ರತಿಯೊಂದು ಸ್ಥಿತಿಗೂ ಒಂದು ಸಂಖ್ಯೆಯನ್ನು ಕಟ್ಟಲಾಗುತ್ತದೆ. ಅದೇ ಆ ಸ್ಥಿತಿಯ ಪೊಟೆನ್ಷಿಯಲ್, ಅಂದರೆ ಮುಂದೆ ಖರ್ಚಿಗೆ ಒದಗಲೆಂದು ಈಗಾಗಲೇ ಕೂಡಿಟ್ಟ ಮೊತ್ತ. ಒಂದು ಸಲದ ನಿಜವೆಚ್ಚಕ್ಕೆ ಆ ಸಲ ಪೊಟೆನ್ಷಿಯಲ್ಲಿನಲ್ಲಿ ಆದ ಏರಿಳಿತವನ್ನು ಸೇರಿಸಿದರೆ ಸಿಗುವುದು ಅಮಾರ್ಟೈಸ್ಡ್ ವೆಚ್ಚ. ಅಗ್ಗದ ಸಲಗಳಲ್ಲಿ ಪೊಟೆನ್ಷಿಯಲ್ ಏರಿ ಲೆಕ್ಕ ಸ್ವಲ್ಪ ಹೆಚ್ಚು ತೋರುತ್ತದೆ, ದುಬಾರಿ ಸಲದಲ್ಲಿ ಇಳಿದು ವೆಚ್ಚದ ಬಹುಪಾಲನ್ನು ತೀರಿಸುತ್ತದೆ. ಸಂಭವನೀಯತೆಗೆ ಇಲ್ಲಿ ಎಡೆಯಿಲ್ಲ. ಅದೃಷ್ಟ ಹೇಗೇ ಇದ್ದರೂ ಒಟ್ಟು ವೆಚ್ಚ ಇಷ್ಟನ್ನು ಮೀರದು ಎಂಬ ಖಾತರಿ ಇದು.

ಜಾಣತನವೆಲ್ಲ ಇರುವುದು ಪೊಟೆನ್ಷಿಯಲ್ಲನ್ನು ಆರಿಸುವುದರಲ್ಲಿ. ವೆಚ್ಚ ಏರುವುದು ಬಲತುದಿಯಲ್ಲಿ ಒತ್ತಾಗಿ ನಿಂತ 1ಗಳಿಂದ. ಹಾಗಾದರೆ ಆ 1ಗಳನ್ನಷ್ಟೇ ಎಣಿಸಿದರೆ ಸಾಲದೇ ಎಂದು ಯಾರಿಗಾದರೂ ಅನಿಸಬಹುದು. ಸಾಲದು. 0110ರ ಬಲತುದಿಯಲ್ಲಿ ಒಂದೂ 1 ಇಲ್ಲ, 0111ರಲ್ಲಿ ಮೂರಿವೆ. ಬದಲಾದದ್ದು ಒಂದೇ ಬಿಟ್, ಆದರೆ ಪೊಟೆನ್ಷಿಯಲ್ ಸೊನ್ನೆಯಿಂದ ಮೂರಕ್ಕೆ ಹಾರಿತು. 20 ಬಿಟ್‌ಗಳ ಕೌಂಟರಿನಲ್ಲಿ ಬಲತುದಿಯದೊಂದು ಬಿಟ್ಟು ಉಳಿದೆಲ್ಲವೂ 1 ಆಗಿದ್ದರೆ ಈ ನೆಗೆತ 20ರಷ್ಟಾಗಿ, ಒಂದು ಬಿಟ್ ಬದಲಾಯಿಸಿದ ಪುಟ್ಟ ಕೆಲಸದ ಅಮಾರ್ಟೈಸ್ಡ್ ವೆಚ್ಚ 21 ಎಂದಾಗುತ್ತದೆ. ಕೂಡಿಡುವ ಕೆಲಸ ಒಮ್ಮೆಲೇ ಆಗಬಾರದು, ಪ್ರತಿ ಸಲ ಸ್ವಲ್ಪಸ್ವಲ್ಪವೇ ಆಗಬೇಕು.

ಆದ್ದರಿಂದ ಎಲ್ಲಿಯೇ ಇರಲಿ, ಸಾಲಿನಲ್ಲಿರುವ ಎಲ್ಲ 1ಗಳನ್ನೂ ಎಣಿಸಿ ಆ ಸಂಖ್ಯೆಯನ್ನೇ ಪೊಟೆನ್ಷಿಯಲ್ ಎಂದು ಇಟ್ಟುಕೊಳ್ಳುವುದು ಸರಿ. ಯಾವ 1 ಆದರೂ ಮುಂದೊಂದು ದಿನ 0 ಆಗಬೇಕಾದದ್ದೇ. ಆ ಖರ್ಚಿಗೆ ಬೇಕಾದ ಒಂದು ಅಂಶವನ್ನು ಅದು ಹುಟ್ಟಿದಾಗಲೇ ಎತ್ತಿಟ್ಟಂತಾಯಿತು. ಮತ್ತೆ 0111ರಿಂದ 1000ಕ್ಕೆ ಹೋಗುವ ಸಲವನ್ನು ನೋಡಿದರೆ, ನಿಜವೆಚ್ಚ 4, ಪೊಟೆನ್ಷಿಯಲ್ 3ರಿಂದ 1ಕ್ಕೆ ಇಳಿದು ಎರಡು ಕಡಿಮೆಯಾಯಿತು, ಅಮಾರ್ಟೈಸ್ಡ್ ವೆಚ್ಚ 2. ಅದಕ್ಕೆ ಹಿಂದಿನ ಸಲ, 0110ರಿಂದ 0111ಕ್ಕೆ, ನಿಜವೆಚ್ಚ 1, ಪೊಟೆನ್ಷಿಯಲ್ 2ರಿಂದ 3ಕ್ಕೆ ಏರಿತು, ಅಲ್ಲಿಯೂ 2. 0101ರಿಂದ 0110ಕ್ಕೆ ಹೋಗುವಾಗ ಎರಡು ಬಿಟ್ ಬದಲಾಗುತ್ತವೆ, 1ಗಳ ಸಂಖ್ಯೆ ಹಾಗೇ ಉಳಿಯುತ್ತದೆ, ಮತ್ತೆ 2.

ಇದು ಕಾಕತಾಳೀಯವಲ್ಲ. ಒಂದು ಸಲ ಕೂಡುವಾಗ t ಬಿಟ್‌ಗಳು 1ರಿಂದ 0ಗೆ ಮರಳಿ, ಒಂದು ಬಿಟ್ 0ಯಿಂದ 1 ಆಯಿತು ಎನ್ನೋಣ. ನಿಜವೆಚ್ಚ t + 1. 1ಗಳಲ್ಲಿ t ಹೋಗಿ ಒಂದು ಹೊಸದಾಗಿ ಬಂದದ್ದರಿಂದ ಪೊಟೆನ್ಷಿಯಲ್ಲಿನ ವ್ಯತ್ಯಾಸ 1 − t. ಎರಡನ್ನೂ ಕೂಡಿದರೆ t ಎಷ್ಟೇ ಇದ್ದರೂ ಹೊಡೆದುಹೋಗಿ 2 ಉಳಿಯುತ್ತದೆ. ಎಲ್ಲ ಬಿಟ್‌ಗಳೂ 1 ಆಗಿ ತುಂಬಿದ ಕೌಂಟರ್ ಮತ್ತೆ ಸೊನ್ನೆಗೆ ಮರಳುವ ಸಲ ಮಾತ್ರ ಹೊಸ 1 ಹುಟ್ಟುವುದಿಲ್ಲ. ಆಗ ವೆಚ್ಚ k, ಇಳಿಕೆಯೂ k, ಅಮಾರ್ಟೈಸ್ಡ್ ವೆಚ್ಚ ಸೊನ್ನೆ. ಹೇಗೆ ನೋಡಿದರೂ 2ನ್ನು ಮೀರುವುದಿಲ್ಲ, ಬಿಟ್‌ಗಳು ಹತ್ತಿರಲಿ ಅರವತ್ತನಾಲ್ಕಿರಲಿ.

ಸೊನ್ನೆಯಿಂದ ಹೊರಟು, ಕೌಂಟರ್ ತುಂಬಿ ಹರಿಯದಂತೆ n ಸಲ ಕೂಡಿದರೆ, ಅಮಾರ್ಟೈಸ್ಡ್ ವೆಚ್ಚಗಳ ಮೊತ್ತ 2n. ಕೊನೆಯಲ್ಲಿ ಖರ್ಚಾಗದೆ ಉಳಿದ ಪೊಟೆನ್ಷಿಯಲ್ಲನ್ನು ಕಳೆದರೆ ನಿಜವೆಚ್ಚವೇ ಸಿಗುತ್ತದೆ: 2n − b, ಇಲ್ಲಿ b ಎಂದರೆ ಕೊನೆಯ ಸಂಖ್ಯೆಯಲ್ಲಿರುವ 1ಗಳು. 1000 ಎಂಬುದು ದ್ವಿಮಾನದಲ್ಲಿ 1111101000. ಅದರಲ್ಲಿ ಆರು 1ಗಳಿವೆ. ಹಾಗಾಗಿ ಸಾವಿರ ಸಲಕ್ಕೆ 1994 ಬದಲಾವಣೆಗಳು. ತಾಳೆ ನೋಡಲು ನೇರವಾಗಿಯೂ ಎಣಿಸಬಹುದು: ಬಲತುದಿಯ ಬಿಟ್ ಪ್ರತಿ ಸಲ, ಅದರ ಪಕ್ಕದ್ದು ಎರಡು ಸಲಕ್ಕೊಮ್ಮೆ, ಆಮೇಲಿನದು ನಾಲ್ಕು ಸಲಕ್ಕೊಮ್ಮೆ ಬದಲಾಗುತ್ತದೆ. 1000 + 500 + 250 + 125 + 62 + 31 + 15 + 7 + 3 + 1 ಕೂಡಿದರೂ 1994 ಬರುತ್ತದೆ.

ನೇರ ಎಣಿಕೆ ಇಷ್ಟು ಸುಲಭವಾಗಿರುವಾಗ ಪೊಟೆನ್ಷಿಯಲ್ ಯಾಕೆ ಎಂಬ ಪ್ರಶ್ನೆ ಸಹಜ. ನೇರ ಎಣಿಕೆ ನಿಂತಿರುವುದು ಸೊನ್ನೆಯಿಂದ ಆರಂಭವಾಗುವ ಅಚ್ಚುಕಟ್ಟಾದ ವಿನ್ಯಾಸದ ಮೇಲೆ. ಪೊಟೆನ್ಷಿಯಲ್ ಲೆಕ್ಕ ಎಲ್ಲಿಂದ ಹೊರಟರೂ ನಡೆಯುತ್ತದೆ. ಆರಂಭದಲ್ಲೇ ಇದ್ದ 1ಗಳನ್ನು ಮೊತ್ತಕ್ಕೆ ಕೂಡಿಸಿದರಾಯಿತು. 63 ಬಿಟ್‌ಗಳು 1 ಆಗಿರುವ 64 ಬಿಟ್‌ಗಳ ಕೌಂಟರ್ ಕೈಗೆ ಬಂದರೂ n ಸಲಕ್ಕೆ ಆಗುವ ವೆಚ್ಚ 2n + 63ನ್ನು ದಾಟದು. n ಚಿಕ್ಕದಾಗಿದ್ದಾಗ ಆ 63 ಭಾರವೇ, ನೂರಾರು ಸಲ ಕೂಡಿದ ಮೇಲೆ ಅದು ಲೆಕ್ಕಕ್ಕೆ ಸಿಗದು. ಒಂದೊಂದು ಸಲವೂ ಬೇಗ ಮುಗಿಯಬೇಕು ಎನ್ನುವ ಕಡೆ ಮಾತ್ರ ಈ ಖಾತರಿ ಸಾಲದು, ಇದು ಒಟ್ಟು ಮೊತ್ತದ ಖಾತರಿ.

ಇಡೀ ವಾದ ಮುರಿದು ಬೀಳುವುದು ಒಂದು ಕಳೆಯುವ ಸೌಲಭ್ಯ ಸೇರಿಸಿದಾಗ. 0111ಕ್ಕೆ ಒಂದು ಕೂಡಿದರೆ 1000, ಅದರಿಂದ ಒಂದು ಕಳೆದರೆ ಮತ್ತೆ 0111. ಹೀಗೆ ಹಿಂದೆಮುಂದೆ ಆಡುತ್ತಿದ್ದರೆ ಪ್ರತಿ ಸಲವೂ ಎಲ್ಲ ಬಿಟ್‌ಗಳೂ ಬದಲಾಗುತ್ತವೆ, ಕೂಡಿಡಲು ಅಗ್ಗದ ಸಲಗಳೇ ಇರುವುದಿಲ್ಲ. ಇಲ್ಲಿ ಸೋತದ್ದು ಪೊಟೆನ್ಷಿಯಲ್ಲಿನ ಆಯ್ಕೆಯಲ್ಲ. ವೆಚ್ಚವೇ ನಿಜವಾಗಿ ದೊಡ್ಡದು, ಯಾವ ಪೊಟೆನ್ಷಿಯಲ್ಲೂ ಅದನ್ನು ಮರೆಮಾಡಲಾರದು. ಪರಿಹಾರ ಬೇಕಿದ್ದರೆ ಸಂಖ್ಯೆಯನ್ನು ಬರೆಯುವ ರೀತಿಯನ್ನೇ ಬದಲಿಸಬೇಕು. 0 ಮತ್ತು 1ರ ಜೊತೆಗೆ −1 ಎಂಬ ಅಂಕಿಯನ್ನೂ ಬಿಟ್ಟುಕೊಟ್ಟರೆ, 1000ದಿಂದ ಒಂದು ಕಳೆಯಲು ಬಲತುದಿಯ 0ಯನ್ನು −1 ಮಾಡಿದರೆ ಸಾಕು: 8 − 1 ಎಂದರೆ 7 ತಾನೇ. ಮತ್ತೆ ಒಂದು ಕೂಡಿದರೆ ಆ −1 ಪುನಃ 0. ಸೊನ್ನೆಯಲ್ಲದ ಅಂಕಿಗಳ ಸಂಖ್ಯೆಯನ್ನು ಪೊಟೆನ್ಷಿಯಲ್ ಎಂದು ಹಿಡಿದರೆ ಕೂಡುವುದಕ್ಕೂ ಕಳೆಯುವುದಕ್ಕೂ ಅಮಾರ್ಟೈಸ್ಡ್ ವೆಚ್ಚ 2ರೊಳಗೇ ನಿಲ್ಲುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: 7ನ್ನು ಈಗ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದಾದ್ದರಿಂದ, ಎರಡು ಕೌಂಟರುಗಳಲ್ಲಿರುವುದು ಒಂದೇ ಸಂಖ್ಯೆಯೇ ಎಂದು ಅಂಕಿಗೆ ಅಂಕಿ ಹೋಲಿಸಿ ಹೇಳಲು ಬರುವುದಿಲ್ಲ.