ತಡವಾದ ಸರಕು, ದಿನಾಂಕವಿರುವ ಕ್ಷಮೆ

ಪೀಣ್ಯದ ವರ್ಕ್‌ಶಾಪೊಂದು 10ನೇ ತಾರೀಖು ಪುಣೆಗೆ ತಲುಪಿಸಬೇಕಿದ್ದ 500 ಹಿತ್ತಾಳೆ ಬುಷ್‌ಗಳು ತಡವಾದವು ಎನ್ನಿ. ಇಮೇಲಿನ ಮೊದಲ ಸಾಲಿನಲ್ಲೇ ಆರ್ಡರ್ ಸಂಖ್ಯೆ, ತಪ್ಪಿದ ದಿನಾಂಕ, ಕ್ಷಮೆ ಇರಲಿ. ಕಾರಣಕ್ಕೆ ಒಂದು ವಾಕ್ಯ ಸಾಕು. ಗ್ರಾಹಕರಿಗೆ ಬೇಕಿರುವುದು ಮುಂದಿನ ದಾರಿ. ಹೀಗೆ ಬರೆಯಬಹುದು: ‘ಸಿದ್ಧವಿರುವ 200 ಬುಷ್‌ಗಳನ್ನು ನಮ್ಮ ಖರ್ಚಿನಲ್ಲೇ ಇಂದು ವಿಮಾನದಲ್ಲಿ ಕಳಿಸುತ್ತಿದ್ದೇವೆ. ಉಳಿದವು 16ರಂದು ನಿಮ್ಮ ಕಾರ್ಖಾನೆ ತಲುಪುತ್ತವೆ. ಬಿಲ್ಲಿನಲ್ಲಿ ಶೇ. 5 ಕಡಿತ ಮಾಡುತ್ತೇವೆ.’ ಬಿಲ್ ಆಗಲೇ ಹೋಗಿದ್ದರೆ ಕಡಿತಕ್ಕೆ ಕ್ರೆಡಿಟ್ ನೋಟ್ ಕೊಡಿ.

‘ಆದಷ್ಟು ಬೇಗ’ ಎಂಬ ಮಾತು ಮಾತ್ರ ಖಂಡಿತ ಬೇಡ. ಅವರು ತಮ್ಮ ಯಂತ್ರ, ಕೆಲಸಗಾರರನ್ನು ಹೊಂದಿಸಿಕೊಳ್ಳುವುದು ನೀವು ಕೊಟ್ಟ ದಿನಾಂಕ ನೋಡಿ. ಎರಡನೆಯದೂ ತಪ್ಪಿದರೆ ಯಾವ ರಿಯಾಯಿತಿಯೂ ನಂಬಿಕೆ ಉಳಿಸದು. ಲೆಕ್ಕಕ್ಕೆ ಸಿಕ್ಕ ದಿನಕ್ಕೆ ಒಂದು ದಿನ ಸೇರಿಸಿಯೇ ಮಾತು ಕೊಡಿ.