ಬುಕ್ಕಿಯ ಪಾಲು ಎಲ್ಲ ತಂಡಗಳ ಮೇಲೂ ಒಂದೇ ಸಮನಲ್ಲ

ಟೂರ್ನಿ ಮುಗಿಯುವ ಮೊದಲೇ ಕಪ್ ಯಾರಿಗೆ ಎಂದು ಕಟ್ಟುವ ಬಾಜಿಗೆ ಇಂಗ್ಲೆಂಡಿನ ಬುಕ್ಕಿಗಳು ಔಟ್‌ರೈಟ್ ಎನ್ನುತ್ತಾರೆ. ಪ್ರತಿ ತಂಡಕ್ಕೂ ಒಂದು ದರ. ದರ 4 ಇದ್ದರೆ, 1 ಪೌಂಡ್ ಕಟ್ಟಿ ಗೆದ್ದವರಿಗೆ 4 ಪೌಂಡ್ ಸಿಗುತ್ತದೆ. ಅಂದರೆ ಆ ತಂಡ ಗೆಲ್ಲುವ ಸಾಧ್ಯತೆ ಶೇ 25 ಎಂದು ದರ ಹೇಳಿದಂತಾಯಿತು.

ಎಂಟು ತಂಡಗಳ ಒಂದು ಟೂರ್ನಿಯನ್ನು ಊಹಿಸಿಕೊಳ್ಳಿ. ದರಗಳು 2, 4, 5, 10, 20, 50, 50, 100. ಇವು ಹೇಳುವ ಸಾಧ್ಯತೆಗಳನ್ನೆಲ್ಲ ಕೂಡಿದರೆ 100 ಬರಬೇಕು, ಬರುವುದು 115. ಹೆಚ್ಚುವರಿ 15 ಬುಕ್ಕಿಯ ಮಾರ್ಜಿನ್. ಅದನ್ನು ತೆಗೆದರೆ ಮಾತ್ರ ನಿಜವಾದ ಸಾಧ್ಯತೆಯ ಅಂದಾಜು ಸಿಗುತ್ತದೆ.

ಸುಲಭದ ದಾರಿ ಎಲ್ಲವನ್ನೂ 1.15ರಿಂದ ಭಾಗಿಸುವುದು. ಆದರೆ ಹಾಗೆ ಮಾಡಿದರೆ ಮಾರ್ಜಿನ್ ಎಲ್ಲ ತಂಡಗಳ ಮೇಲೂ ಒಂದೇ ಪ್ರಮಾಣದಲ್ಲಿ ಬಿದ್ದಿದೆ ಎಂದು ಒಪ್ಪಿಕೊಂಡಂತೆ. ವಾಸ್ತವ ಹಾಗಿಲ್ಲ. ಅಮೆರಿಕದ ಕುದುರೆ ರೇಸುಗಳನ್ನು ನೋಡಿ ಮನಶ್ಶಾಸ್ತ್ರಜ್ಞ ಗ್ರಿಫಿತ್ 1949ರಲ್ಲೇ ಇದನ್ನು ಬರೆದಿದ್ದರು: ಗೆಲ್ಲುವ ಆಸೆ ಕಡಿಮೆಯಿರುವ ಕುದುರೆಗಳ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಣ ಕಟ್ಟುತ್ತಾರೆ, ಫೇವರಿಟ್‌ಗಳ ಮೇಲೆ ಕಡಿಮೆ. ಸಣ್ಣ ಮೊತ್ತಕ್ಕೆ ದೊಡ್ಡ ಗಂಟಿನ ಕನಸು ಜನರನ್ನು ಸೆಳೆಯುತ್ತದೆ. ಒಳಸುದ್ದಿ ಬಲ್ಲವನೊಬ್ಬ ದುರ್ಬಲ ತಂಡದ ಮೇಲೆ ಕಟ್ಟಿದರೆ ಭಾರಿ ನಷ್ಟವಾದೀತೆಂದು ಬುಕ್ಕಿಯೂ ಆ ದರವನ್ನು ಬಿಗಿಯಾಗಿಯೇ ಇಡುತ್ತಾನೆ. ಔಟ್‌ರೈಟ್‌ನಲ್ಲಿ ಇಂಥ ದುರ್ಬಲ ತಂಡಗಳ ಸಾಲೇ ಉದ್ದ, ಹಾಗಾಗಿ ತಪ್ಪೂ ಅಲ್ಲೇ ಹೆಚ್ಚು.

ಪವರ್ ವಿಧಾನದಲ್ಲಿ ಭಾಗಾಕಾರವಿಲ್ಲ. ದರ ಹೇಳುವ ಪ್ರತಿ ಸಾಧ್ಯತೆಯನ್ನೂ ಒಂದೇ ಘಾತಕ್ಕೆ ಏರಿಸುತ್ತೇವೆ:

p = q^k

ಇಲ್ಲಿ q ಎಂದರೆ 1/ದರ. ಮೊತ್ತ ಸರಿಯಾಗಿ 1 ಆಗುವವರೆಗೆ kಯನ್ನು ಹೊಂದಿಸಬೇಕು. ನೇರ ಸೂತ್ರವಿಲ್ಲ. 1.1 ಹಾಕಿದರೆ ಮೊತ್ತ 1.004, ಇನ್ನೂ ಸ್ವಲ್ಪ ಹೆಚ್ಚು. 1.103ಕ್ಕೆ ಸರಿಹೋಗುತ್ತದೆ. ಎಕ್ಸೆಲ್‌ನ ಗೋಲ್ ಸೀಕ್ ಇದನ್ನು ಕ್ಷಣದಲ್ಲಿ ಹುಡುಕಿಕೊಡುತ್ತದೆ.

ಈಗ ಎರಡು ತುದಿಗಳನ್ನು ನೋಡಿ. ಭಾಗಾಕಾರದಲ್ಲಿ ಫೇವರಿಟ್‌ಗೆ ಶೇ 43.5 ಸಿಕ್ಕಿತ್ತು, ಈಗ ಶೇ 46.6. ನೂರರ ದರದ ತಂಡಕ್ಕೆ ಶೇ 0.87 ಇದ್ದದ್ದು ಶೇ 0.62ಕ್ಕೆ ಇಳಿಯುತ್ತದೆ. ಅಂದರೆ ಅದಕ್ಕೆ ನ್ಯಾಯವಾದ ದರ 115 ಅಲ್ಲ, ಸುಮಾರು 161. ಚಿಕ್ಕ ಸಂಖ್ಯೆಯನ್ನು ಘಾತ ಹೆಚ್ಚು ಕುಗ್ಗಿಸುತ್ತದೆ, ದೊಡ್ಡದನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಮಗೆ ಬೇಕಿದ್ದದ್ದೂ ಅದೇ.

2015–16ರಲ್ಲಿ 5000ಕ್ಕೆ 1ರ ದರದ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಿತಲ್ಲ ಎಂದು ಕೇಳಬಹುದು. ಒಂದು ಗೆಲುವು ಯಾವ ವಿಧಾನವನ್ನೂ ಸುಳ್ಳಾಗಿಸದು. ಹಲವು ವರ್ಷಗಳ ಟೂರ್ನಿಗಳಿಂದ ಶೇ 1ರ ಆಸುಪಾಸಿನ ತಂಡಗಳನ್ನೆಲ್ಲ ಒಟ್ಟುಗೂಡಿಸಿ, ನೂರಕ್ಕೆ ಎಷ್ಟು ಗೆದ್ದವು ಎಂದು ಎಣಿಸಬೇಕು. ಒಂದೇ k ಎಲ್ಲ ದರಗಳಿಗೂ ಹೊಂದಲೇಬೇಕೆಂದಿಲ್ಲ, ಅದು ಈ ಎಣಿಕೆಯಲ್ಲೇ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಒಂದು ತಂಡ ಬಿಟ್ಟುಹೋಗಿದ್ದರೂ k ಕೆಡುತ್ತದೆ. ‘ಮೊದಲ ನಾಲ್ಕರಲ್ಲಿ ಯಾರು’ ಎಂಬ ಬಾಜಿಯಲ್ಲಂತೂ ಮೊತ್ತ 1ಕ್ಕಲ್ಲ, 4ಕ್ಕೆ ಹೊಂದಬೇಕು.