ಬರುವುದು ಇನ್ನೂ ಗೊತ್ತಿಲ್ಲ, ಹೇಳುವ ತಾರೀಖು ಮಾತ್ರ ಗೊತ್ತು

ಮನೆಗೇ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ಲಗ್ನಪತ್ರಿಕೆ ಕೈಗಿಟ್ಟು ‘ಮನಿಮಂದಿ ಎಲ್ಲಾರೂ ಬರಬೇಕ್ರಿ’ ಎಂದವರ ಮುಖ ನೋಡಿ ‘ಆಗೋದಿಲ್ಲ’ ಎನ್ನುವವರು ನಮ್ಮಲ್ಲಿ ಬಲು ಅಪರೂಪ. ‘ಆಗಲಿ, ಬರ್ತೀವಿ’ ಎಂದೇ ಕಳಿಸಿಕೊಡುತ್ತೇವೆ. ಕರೆದವರೂ ಆ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಷ್ಟು ಪತ್ರಿಕೆ ಹಂಚಿದೆವು, ಆ ಊರಿನಿಂದ ಸಾಮಾನ್ಯವಾಗಿ ಎಷ್ಟು ಜನ ಬರುತ್ತಾರೆ, ಮುಹೂರ್ತ ಭಾನುವಾರವೋ ಕೆಲಸದ ದಿನವೋ ಎಂದು ನೋಡಿ ಅಡುಗೆಯವರಿಗೆ ಒಂದು ಅಂದಾಜು ಎಲೆ ಹೇಳುತ್ತಾರೆ. ಐನೂರು ಎಲೆಯ ಊಟದಲ್ಲಿ ನಾಲ್ಕು ಜನ ಹೆಚ್ಚಾದರೂ ಕಡಿಮೆಯಾದರೂ ಅಡುಗೆಮನೆಗೆ ಅದು ತಿಳಿಯುವುದೇ ಇಲ್ಲ. ಊರಿನವರ ‘ಬರ್ತೀವಿ’ ಇಷ್ಟು ಸಡಿಲವಾಗಿದ್ದರೂ ಮದುವೆಗಳು ಸರಾಗವಾಗಿ ನಡೆದುಬಂದಿರುವುದು ಇದರಿಂದಲೇ.

ತೊಡಕು ಬರುವುದು ದೂರದ ಊರಿನಿಂದ ಬರುವವರ ವಿಷಯದಲ್ಲಿ. ಅವರಿಗೆ ಬರೀ ಎಲೆ ಹಾಕಿದರೆ ಸಾಲದು. ಲಾಡ್ಜಿನಲ್ಲಿ ರೂಮು ಹಿಡಿಯಬೇಕು, ಸ್ಟೇಷನ್ನಿಗೆ ಗಾಡಿ ಕಳಿಸಬೇಕು. ಅವರು ಸೋದರಮಾವನೋ ಸೋದರತ್ತೆಯೋ ಆಗಿದ್ದರೆ ಶಾಸ್ತ್ರದಲ್ಲಿ ಅವರ ಪಾಲಿನ ಕೆಲಸವೂ ಇರುತ್ತದೆ. ಇವು ಯಾವುವೂ ಅಂದಾಜಿನಲ್ಲಿ ಕರಗುವಂಥವಲ್ಲ. ಒಂದು ರೂಮು ಖಾಲಿ ಉಳಿದರೆ ದುಡ್ಡು ಹೋಯಿತು. ರೂಮಿಲ್ಲದ ಕಡೆ ನಾಲ್ಕು ಜನ ಬಂದಿಳಿದರೆ ಮದುವೆಯ ಹಿಂದಿನ ರಾತ್ರಿ ಮನೆಯವರಿಗೆ ನಿದ್ದೆಯಿಲ್ಲ. ಇಂಥ ಕಡೆ ‘ಬರ್ತೀವಿ’, ‘ಬರೋದಿಲ್ಲ’ ಎಂಬೆರಡರ ನಡುವೆ ಮೂರನೆಯ ಉತ್ತರವೊಂದು ಬೇಕಾಗುತ್ತದೆ: ಈಗ ಹೇಳಲು ಆಗುತ್ತಿಲ್ಲ, ಆದರೆ ಇಂಥ ತಾರೀಖಿಗೆ ಖಂಡಿತ ಹೇಳುತ್ತೇನೆ. ಈ ಉತ್ತರದ ಜೀವ ಇರುವುದು ಅದರ ಎರಡನೇ ಅರ್ಧದಲ್ಲಿ. ತಾರೀಖು ಬಿಟ್ಟರೆ ಉಳಿಯುವುದು ಹಳೆಯ ‘ನೋಡೋಣ’ ಮಾತ್ರ.

ಆ ತಾರೀಖನ್ನು ಗೊತ್ತುಮಾಡುವುದು ಹೇಗೆ? ಒಂದು ಮದುವೆಯನ್ನು ಕಲ್ಪಿಸಿಕೊಂಡು ನೋಡೋಣ. ಧಾರವಾಡದಲ್ಲಿ ಡಿಸೆಂಬರ್ 6ರ ಭಾನುವಾರ ಮದುವೆ. ಹುಡುಗಿಯ ತಂದೆಯ ಚಿಕ್ಕಪ್ಪನ ಮಗಳು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದಾಳೆ. ಗಂಡ, ಹತ್ತನೇ ತರಗತಿಯ ಮಗಳು, ತಾನು, ಒಟ್ಟು ಮೂವರು. ಅಕ್ಟೋಬರ್ 20ರ ಸುಮಾರಿಗೆ ಅಣ್ಣನ ಫೋನು ಬಂತು. ಇವಳಿಗೆ ಹೋಗಲೇಬೇಕೆಂಬ ಆಸೆ. ಆದರೆ ಮಗಳ ಶಾಲೆಯಲ್ಲಿ ಡಿಸೆಂಬರ್ ಮೊದಲ ಅಥವಾ ಎರಡನೇ ವಾರದಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಅದರ ವೇಳಾಪಟ್ಟಿ ಕೈಗೆ ಬರುವುದು ನವೆಂಬರ್ 16ಕ್ಕೆ. ಟಿಕೆಟ್ಟಿನದು ಇನ್ನೊಂದು ಕಥೆ. ಈಗಿನ ನಿಯಮದಂತೆ ರೈಲಿನ ಮುಂಗಡ ಬುಕಿಂಗು ಶುರುವಾಗುವುದು ಪ್ರಯಾಣಕ್ಕೆ 60 ದಿನ ಮೊದಲು. ಮೊದಲು 120 ದಿನವಿದ್ದದ್ದನ್ನು 2024ರ ನವೆಂಬರ್‌ನಿಂದ ಇಳಿಸಿದರು. ಡಿಸೆಂಬರ್ 4ರ ಶುಕ್ರವಾರ ರಾತ್ರಿಯ ರೈಲಿಗೆ ಅಕ್ಟೋಬರ್ 5ಕ್ಕೇ ಬುಕಿಂಗು ತೆರೆದಿತ್ತು. ಅಣ್ಣನ ಫೋನು ಬರುವ ಹೊತ್ತಿಗೆ ಸಿಕ್ಕಿದ್ದು ವೇಟಿಂಗ್ ಲಿಸ್ಟು.

ಇಲ್ಲಿ ಅವಳ ಮುಂದೆ ಮೂರು ತಾರೀಖುಗಳಿವೆ. ಪರೀಕ್ಷೆಯ ವಿಷಯ ತಿಳಿಯುವುದು ನವೆಂಬರ್ 16ಕ್ಕೆ. ಟಿಕೆಟ್ಟಿನ ವಿಷಯ ಪೂರ್ತಿ ತಿಳಿಯುವುದು ರೈಲು ಹೊರಡುವ ಕೆಲವೇ ಗಂಟೆ ಮೊದಲು ಚಾರ್ಟ್ ತಯಾರಾದಾಗ. ಮೂರನೆಯದು ಅಣ್ಣನ ಕಡೆಯದು, ಅದು ಅವಳಿಗೆ ಗೊತ್ತಿಲ್ಲ, ಕೇಳಬೇಕು. ಎಷ್ಟೋ ಜನ ಎಡವುವುದು ಇಲ್ಲಿಯೇ. ತಮಗೆ ಯಾವಾಗ ಗೊತ್ತಾಗುತ್ತದೆಯೋ ಆ ದಿನವನ್ನೇ ಹೇಳಿಬಿಡುತ್ತಾರೆ. ಮೊದಲು ಕೇಳಬೇಕಾದ್ದು ‘ಅಣ್ಣಾ, ನಿನಗ ಯಾವಾಗ ತಿಳಿಸಿದ್ರ ಅನುಕೂಲ?’ ಎಂದು. ಅಣ್ಣ ಹೇಳಿದ: ಲಾಡ್ಜಿನವರಿಗೆ ರೂಮಿನ ಲೆಕ್ಕ ನವೆಂಬರ್ 20ಕ್ಕೆ ಕೊಡಬೇಕು, ಅಡುಗೆಯವರಿಗೆ ಮದುವೆಯ ಮೂರು ದಿನ ಮೊದಲು ಹೇಳಿದರೆ ಸಾಕು. ಅಂದರೆ ಅಡುಗೆಯ ದಿನ ಇವಳಿಗೆ ಬೇಕಿಲ್ಲ, 20 ಮಾತ್ರ ಮುಖ್ಯ. ಕೊನೆಯ ದಿನವೇ ಹೇಳಿದರೆ ಅಣ್ಣನಿಗೆ ರೂಮು ಅದಲುಬದಲು ಮಾಡಲು ಸಮಯ ಇರುವುದಿಲ್ಲ. ಆದ್ದರಿಂದ 16ಕ್ಕೆ ಎರಡು ದಿನ ಸೇರಿಸಿ, 20ಕ್ಕೆ ಎರಡು ದಿನ ಉಳಿಸಿ, 18 ಎಂದು ನಿಲ್ಲಿಸಿದಳು.

ಚಾರ್ಟಿನ ತಾರೀಖು ಈ ಲೆಕ್ಕದಲ್ಲಿ ಬರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಕೆಲವು ಅನಿಶ್ಚಯಗಳು ಕರೆದವರಿಗೆ ಉತ್ತರ ಬೇಕಾದ ದಿನದೊಳಗೆ ತೀರುವುದೇ ಇಲ್ಲ. ವೇಟಿಂಗ್ ಲಿಸ್ಟು ಅಂಥದ್ದು. ತತ್ಕಾಲ್ ಕೂಡ ಅಂಥದ್ದೇ, ಅದು ತೆರೆಯುವುದು ಹಿಂದಿನ ದಿನ. ಅಂಥವನ್ನು ಮುಂದಿಟ್ಟುಕೊಂಡು ‘ಟಿಕೆಟ್ ಕನ್ಫರ್ಮ್ ಆದ್ರ ಹೇಳ್ತೀನಿ’ ಎಂದರೆ ನಮ್ಮ ಅನಿಶ್ಚಯವನ್ನು ಕರೆದವರ ತಲೆಯ ಮೇಲೆ ಹೊರಿಸಿದಂತೆ. ಒಂದು ದಿನದೊಳಗೆ ತಾನಾಗಿ ತಿಳಿಯುವ ವಿಷಯಕ್ಕೆ ಕಾಯಬಹುದು, ತಿಳಿಯದ ವಿಷಯಕ್ಕೆ ಕಾಯದೆ ನಿರ್ಧಾರವನ್ನೇ ಮಾಡಬೇಕು. 18ಕ್ಕೆ ‘ಬರ್ತೀನಿ’ ಎಂದರೆ ರೈಲು ಸಿಗದಿದ್ದರೂ ರಾತ್ರಿ ಬಸ್ಸು ಹಿಡಿದಾದರೂ ಬರುತ್ತೇನೆ ಎಂದರ್ಥ. ಅಷ್ಟು ಹಣ, ಅಷ್ಟು ಆಯಾಸ ಹೊರಲು ಮನಸ್ಸಿಲ್ಲದಿದ್ದರೆ ಆ ದಿನವೇ ಇಲ್ಲವೆಂದು ಹೇಳುವುದು ಮೇಲು.

ಅವಳು ಅಣ್ಣನಿಗೆ ಕಳಿಸಿದ ವಾಟ್ಸಾಪ್ ಸಂದೇಶ ಹೀಗಿತ್ತು ಎಂದುಕೊಳ್ಳಿ:

‘ಅಣ್ಣಾ, ನಾನಂತೂ ಮದುವಿಗೆ ಬರ್ತೀನಿ, ಅದು ಪಕ್ಕಾ. ಇವರು ಮತ್ತ ಮಗಳು ಬರೋದು ಅಕಿ ಪರೀಕ್ಷಾ ಟೈಮ್‌ಟೇಬಲ್ ಮ್ಯಾಲೆ ಅದ. 16ಕ್ಕ ಸಾಲ್ಯಾಗ ಕೊಡ್ತಾರಂತ. 18ನೇ ತಾರೀಖು ರಾತ್ರಿಯೊಳಗ ನಾನ ಫೋನ್ ಮಾಡಿ ಖಾತ್ರಿ ಹೇಳ್ತೀನಿ. ಅವತ್ತು ನನ್ನ ಫೋನ್ ಬರಲಿಲ್ಲಾಂದ್ರ ನಾ ಒಬ್ಬಾಕಿನ ಬರ್ತೀನಂತ ತಿಳಕೋ, ರೂಮು ಬ್ಯಾರೇದವರಿಗೆ ಕೊಟ್ಟುಬಿಡು.’

ಈ ಪುಟ್ಟ ಸಂದೇಶದಲ್ಲಿ ಆಗಿರುವ ಕೆಲಸ ದೊಡ್ಡದು. ಮೂವರ ಉತ್ತರವನ್ನು ಒಂದೇ ಗಂಟು ಕಟ್ಟದೆ, ಖಚಿತವಾಗಿರುವ ಒಬ್ಬರನ್ನು ಬೇರೆ ಮಾಡಿ ಮೊದಲೇ ಹೇಳಿದ್ದಾಳೆ. ಮನೆಯಲ್ಲಿ ಒಬ್ಬರ ವಿಷಯ ಅನುಮಾನವಾದರೆ ಎಲ್ಲರದ್ದೂ ಅನುಮಾನವೆಂದು ಬರೆಯುವುದು ನಮ್ಮಲ್ಲಿ ವಾಡಿಕೆ, ಅದರ ಅಗತ್ಯವಿಲ್ಲ. ಕಾರಣವನ್ನು ಹೇಳಿದ್ದಾಳೆ, ಅದೂ ಮುಗಿಯುವ ದಿನ ಇರುವ ಕಾರಣ. ಫೋನು ಮಾಡುವುದು ತನ್ನ ಕೆಲಸ ಎಂದು ಒಪ್ಪಿಕೊಂಡಿದ್ದಾಳೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಕೊನೆಯ ವಾಕ್ಯ. ಮರೆತರೆ, ಫೋನು ಕೆಟ್ಟರೆ, ಶಾಲೆಯವರು ವೇಳಾಪಟ್ಟಿ ಮುಂದೂಡಿದರೆ ಅಣ್ಣ ಏನು ಮಾಡಬೇಕು ಎಂಬುದಕ್ಕೂ ಅದರಲ್ಲಿ ಉತ್ತರವಿದೆ. ಮದುವೆ ಮನೆಯ ಗಡಿಬಿಡಿಯಲ್ಲಿ ಅವನು ಇವಳ ಹಿಂದೆ ಬೀಳಬೇಕಾಗಿಲ್ಲ. ತಾರೀಖು ಹೇಳುವವರು ಸಿಗುತ್ತಾರೆ, ಈ ವಾಕ್ಯ ಸೇರಿಸುವವರು ಸಿಗುವುದು ಕಷ್ಟ. ನನ್ನ ಮಟ್ಟಿಗೆ ಅದಿಲ್ಲದ ಉತ್ತರ ಅರ್ಧ ಉತ್ತರವೇ.

16ಕ್ಕೆ ವೇಳಾಪಟ್ಟಿ ಬಂತು. ಮೊದಲ ಪರೀಕ್ಷೆ ಡಿಸೆಂಬರ್ 7ರ ಸೋಮವಾರ. ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಇಳಿದು ಹುಡುಗಿ ಪರೀಕ್ಷೆ ಬರೆಯುವುದು ಆಗದ ಮಾತು. ಗಂಡ ಮಗಳ ಜೊತೆ ಉಳಿದ. ಇವಳು 18ರವರೆಗೂ ಕಾಯದೆ 17ರ ಸಂಜೆಯೇ ಅಣ್ಣನಿಗೆ ಫೋನು ಮಾಡಿದಳು. ವಿಷಯ ಗೊತ್ತಾದ ಮೇಲೆ ಕೊಟ್ಟ ದಿನದವರೆಗೂ ಸುಮ್ಮನಿರಬೇಕೆಂದೇನಿಲ್ಲ. ಅವಳಿಗೆ ಅಣ್ಣನ ಮನೆಯಲ್ಲೇ ಹೆಂಗಸರ ಜೊತೆ ಹಾಸಿಗೆಯಾಯಿತು, ರೂಮು ಬೇರೆಯವರ ಪಾಲಾಯಿತು. ಮಗಳದ್ದೂ ಗಂಡನದ್ದೂ ಟಿಕೆಟ್ ರದ್ದು ಮಾಡಿದಳು. ತನ್ನದು ವೇಟಿಂಗ್ ಲಿಸ್ಟಿನಲ್ಲೇ ಉಳಿದಿದ್ದರಿಂದ ಸ್ಲೀಪರ್ ಬಸ್ಸಿನಲ್ಲಿ ಸೀಟು ಹಿಡಿದಳು. ಒಂಟಿಯಾಗಿ ಬರುತ್ತೇನೆಂದು ಖಾತ್ರಿ ಕೊಟ್ಟಾಗಿತ್ತಲ್ಲ.

ಕೊಟ್ಟ ತಾರೀಖು ಬಂದರೂ ವಿಷಯ ಬಗೆಹರಿಯದಿದ್ದರೆ? ಶಾಲೆಯವರು ಪಟ್ಟಿಯನ್ನು ಒಂದು ವಾರ ಮುಂದೂಡಿದ್ದರೆ 18ಕ್ಕೆ ಅವಳು ಹೇಳಬೇಕಾದ್ದು ‘ಇವರಿಬ್ಬರೂ ಬರೋದಿಲ್ಲ’ ಎಂದೇ. ಅಣ್ಣನಿಗೆ ನಿಜಕ್ಕೂ ಇನ್ನೂ ಅವಕಾಶವಿದ್ದರೆ, ಕಾರಣ ಹೇಳಿ ಒಂದು ಸಲ ದಿನ ಮುಂದಕ್ಕೆ ಕೇಳಬಹುದು. ಎರಡನೇ ಸಲ ಕೇಳುವುದಕ್ಕಿಂತ ಇಲ್ಲವೆನ್ನುವುದು ಒಳ್ಳೆಯದು. ಆಮೇಲೆ ದಾರಿ ತೆರೆದುಕೊಂಡರೆ ‘ರೂಮು ಬ್ಯಾಡ, ಊಟಕ್ಕ ಬಂದು ಹೋಗ್ತೀವಿ’ ಎಂದು ಕೇಳಿ ಹೋಗಲು ಏನೂ ಅಡ್ಡಿಯಿಲ್ಲ. ಎಲೆಯ ಲೆಕ್ಕ ಸಡಿಲವಾಗಿರುವುದು ಅಂಥ ಹೊತ್ತಿಗೆ ಅನುಕೂಲವಾಗುತ್ತದೆ.

ಈ ಉತ್ತರ ದುರುಪಯೋಗವಾಗುವುದೂ ಉಂಟು. ಹೋಗುವುದಿಲ್ಲವೆಂದು ಒಳಗೊಳಗೇ ತೀರ್ಮಾನಿಸಿ, ಹೇಳಲು ದಾಕ್ಷಿಣ್ಯವಾಗಿ ‘ತಿಳಿಸ್ತೀನಿ’ ಎಂದು ದಿನ ತಳ್ಳುವವರಿದ್ದಾರೆ. ಕರೆದವರು ಇದನ್ನು ಗುರುತಿಸಬಹುದು. ನಿಜವಾದ ಅನುಮಾನಕ್ಕೆ ಒಂದು ಕಾರಣವಿರುತ್ತದೆ, ಆ ಕಾರಣ ತೀರುವ ದಿನವಿರುತ್ತದೆ: ರಜೆ ಮಂಜೂರಾಗಬೇಕು, ವೇಳಾಪಟ್ಟಿ ಬರಬೇಕು, ಡಾಕ್ಟರು ಪ್ರಯಾಣಕ್ಕೆ ಒಪ್ಪಬೇಕು. ‘ಹಬ್ಬ ಆಗಲಿ’, ‘ಮುಂದಿನ ತಿಂಗಳು ನೋಡೋಣ’ ಎಂಬಲ್ಲಿ ಯಾವ ಕಾರಣವೂ ತೀರುವುದಿಲ್ಲ. ಅದನ್ನು ಇಲ್ಲವೆಂದೇ ಬರೆದುಕೊಂಡು ಮುಂದೆ ಸಾಗಬಹುದು, ಮುನಿಸು ಬೇಡ.

ಆಫೀಸಿನ ಕ್ಯಾಲೆಂಡರುಗಳಲ್ಲಿ ಈ ಮೂರನೆಯ ಉತ್ತರಕ್ಕೆ ಒಂದು ಗುಂಡಿಯೇ ಇದೆ, ಗೂಗಲ್‌ನಲ್ಲಿ Maybe, ಔಟ್‌ಲುಕ್‌ನಲ್ಲಿ Tentative. ಈ ಕ್ಯಾಲೆಂಡರುಗಳು ಒಂದಕ್ಕೊಂದು ಮಾತಾಡಲು ಬಳಸುವ ಐಕ್ಯಾಲೆಂಡರ್ ಎಂಬ ಮಾನದಂಡದಲ್ಲಿ 1998ರಿಂದಲೂ TENTATIVE ಎಂಬ ಉತ್ತರವಿದೆ. ಆದರೆ ಖಚಿತಪಡಿಸುವ ದಿನವನ್ನು ತುಂಬಲು ಅದರ ಜೊತೆಗೆ ಜಾಗವಿಲ್ಲ. ಗುಂಡಿ ಒತ್ತಿ ಸುಮ್ಮನಾದರೆ ಕರೆದವರಿಗೆ ತಲುಪುವುದು ಅನುಮಾನವೊಂದೇ. ಉತ್ತರದ ಜೊತೆ ಟಿಪ್ಪಣಿ ಬರೆಯಲು ಅವಕಾಶ ಕೊಟ್ಟಿದ್ದಾರೆ, ತಾರೀಖನ್ನು ಅಲ್ಲಿ ನಾವೇ ಬರೆಯಬೇಕು.

ಕರೆಯುವವರಿಗೂ ಒಂದು ಮಾತು. ಯಾರಾದರೂ ಹೀಗೆ ತಾರೀಖು ಕೊಟ್ಟರೆ ‘ಅದೆಲ್ಲ ಬ್ಯಾಡ, ಬರಲೇಬೇಕು’ ಎಂದು ಒತ್ತಾಯಿಸಿ ಸುಳ್ಳು ‘ಹೂಂ’ ಹೇಳಿಸಬೇಡಿ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ತಾರೀಖು ಬರೆದಿಟ್ಟುಕೊಳ್ಳಿ, ಅಲ್ಲಿಯವರೆಗೆ ಫೋನು ಮಾಡಿ ಕೇಳಬೇಡಿ. ದೂರದವರಿಗೆ ಪತ್ರಿಕೆ ಕಳಿಸುವಾಗಲೇ ‘ರೂಮಿನ ವ್ಯವಸ್ಥೆಗಾಗಿ ನವೆಂಬರ್ 18ರೊಳಗೆ ತಿಳಿಸಿದರೆ ಅನುಕೂಲ’ ಎಂದು ಒಂದು ಸಾಲು ಸೇರಿಸಿ. ಯಾವ ದಿನ ಹೇಳಬೇಕೆಂದು ಗೊತ್ತಿದ್ದರೆ ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.